ಬಿಳಿ ಅಂಗಿ ತೊಡಿಸಿದ ಮೇಲೆ ಗದ್ದದ ಕೆಳಗೆ ನೋಡಿ

ಫೋಟೊ ಸ್ಟುಡಿಯೊಗಳಲ್ಲಿ ಇದು ದಿನನಿತ್ಯದ ಕೆಲಸ. ಹುಡುಗ ಕಪ್ಪು ಟೀ ಶರ್ಟ್ ಹಾಕಿಕೊಂಡು ಬಂದಿರುತ್ತಾನೆ, ಅರ್ಜಿಗೆ ಬಿಳಿ ಅಂಗಿಯ ಫೋಟೊ ಬೇಕು. ಫೋಟೊಶಾಪ್‌ನಲ್ಲಿ ಬಿಳಿ ಅಂಗಿ ಕೂರಿಸುತ್ತಾರೆ. ಕಾಲರಿನ ಅಳತೆ ಸರಿಯಿದೆ, ಅಂಚೂ ನಾಜೂಕಾಗಿದೆ. ಆದರೂ ನೋಡಿದವರು ‘ಅಂಗಿ ಅಂಟಿಸಿದ್ದಾರೆ’ ಅನ್ನುತ್ತಾರೆ. ತಪ್ಪು ಅಂಗಿಯಲ್ಲಿಲ್ಲ, ಗದ್ದದ ಕೆಳಗಿದೆ.

ಇದನ್ನು ಮನೆಯಲ್ಲೇ ನೋಡಬಹುದು. ನೆತ್ತಿಯ ಮೇಲೆ ದೀಪವಿರುವಲ್ಲಿ ಕನ್ನಡಿ ಮುಂದೆ ನಿಂತು ಎದೆಗೆ ಮೊದಲು ಕಪ್ಪು ಬಟ್ಟೆ, ಆಮೇಲೆ ಬಿಳಿ ಟವೆಲ್ ಹಿಡಿಯಿರಿ. ಟವೆಲ್ ಬಂದ ಕೂಡಲೇ ಗದ್ದದಡಿಯ ಕತ್ತಲು ತಿಳಿಯಾಗುತ್ತದೆ. ಬಿಳಿ ಬಟ್ಟೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಬಹುಪಾಲನ್ನು ಹಿಂದಕ್ಕೆ ಚೆಲ್ಲುತ್ತದೆ, ಕಪ್ಪು ಬಟ್ಟೆ ನುಂಗಿಬಿಡುತ್ತದೆ. ಛಾಯಾಗ್ರಾಹಕರು ಮುಖದ ಕೆಳಗೆ ಥರ್ಮಾಕೋಲ್ ಹಿಡಿಸುವುದೂ ಇದಕ್ಕೇ.

ಹಾಗಾಗಿ ಅಂಗಿ ಬದಲಿಸಿದವರು ಆ ಬೆಳಕನ್ನೂ ತಂದುಕೊಡಬೇಕು. ಒಂದು ಫೋಟೊದಲ್ಲಿ ಕೆನ್ನೆಯ ಹೊಳಪು 255ಕ್ಕೆ 190, ಗದ್ದದಡಿ 62 ಇದೆ ಎಂದುಕೊಳ್ಳಿ. ಚರ್ಮದ ಪದರದ ಮೇಲೆ ಒಂದು Curves ಪದರ ಹಾಕಿ, 62 ಇದ್ದದ್ದು 88ರ ಸುಮಾರಿಗೆ ಏರುವಂತೆ ಗೆರೆಯನ್ನು ಎತ್ತಿ. Ctrl+I ಒತ್ತಿ ಅದರ ಮಾಸ್ಕನ್ನು ಕಪ್ಪಾಗಿಸಿ. ಆಮೇಲೆ ಮೆತ್ತನೆಯ ಬಿಳಿ ಬ್ರಷ್‌ನಿಂದ, Flow 10%ಕ್ಕಿಂತ ಕಡಿಮೆ ಇಟ್ಟು, ಸ್ವಲ್ಪಸ್ವಲ್ಪವೇ ಸವರಿ.

ಎಲ್ಲಿ ಸವರಬೇಕು ಎನ್ನುವುದೇ ಇಲ್ಲಿ ಮುಖ್ಯ. ಅಂಗಿಯತ್ತ ಮುಖಮಾಡಿದ ಚರ್ಮಕ್ಕೆ ಮಾತ್ರ ಈ ಬೆಳಕು ತಾಗುತ್ತದೆ. ಎದೆಯನ್ನು ನೇರವಾಗಿ ನೋಡುವ ಗದ್ದದಡಿಗೂ ದವಡೆಯ ತಳಕ್ಕೂ ಹೆಚ್ಚು, ಕತ್ತಿನ ಮುಂಭಾಗಕ್ಕೆ ಅದಕ್ಕಿಂತ ಕಡಿಮೆ, ಮೂಗಿನ ಕೆಳಗೆ ಸುಳಿವಷ್ಟೇ. ಕಾಲರ್ ಕತ್ತನ್ನು ಮುಟ್ಟುವ ಕಡೆ ಬೆಳಕು ನುಗ್ಗದು. ಅಲ್ಲಿ ತೆಳು ನೆರಳಿನ ಗೆರೆ ಉಳಿಯಲೇಬೇಕು, ಅದನ್ನು ಅಳಿಸಿದರೆ ಅಂಗಿ ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ.

ಬಹಳ ಮಂದಿ ನೇರವಾಗಿ ಬಿಳಿ ಬಣ್ಣವನ್ನೇ ಬಳಿಯುತ್ತಾರೆ, ಕತ್ತಿಗೆ ಪೌಡರ್ ಹಚ್ಚಿದಂತಾಗುತ್ತದೆ. ಚರ್ಮದಿಂದ ಮರಳುವ ಬೆಳಕು ಚರ್ಮದ ಬಣ್ಣ ಹೊತ್ತೇ ಬರುವುದು. ಹಾಗಾಗಿ ನೆರಳು ತಿಳಿಯಾಗಬೇಕು, ಬೂದಿಯಾಗಬಾರದು. ಬೂದಿಯಾಗಿ ಕಂಡರೆ ಕೆಂಪು–ಹಳದಿಯನ್ನು ತುಸು ಏರಿಸಿ. ಇನ್ನು ಕೆಲವರು ನೆರಳನ್ನೇ ಅಳಿಸಿಬಿಡುತ್ತಾರೆ, ದವಡೆ ಕತ್ತಿನಲ್ಲಿ ಕರಗಿ ಮುಖ ಊದಿಕೊಂಡಂತೆ ಕಾಣುತ್ತದೆ. ಫೋಟೊವನ್ನು ಅಂಚೆಚೀಟಿಯಷ್ಟು ಚಿಕ್ಕದಾಗಿಸಿ ಕಣ್ಣು ಕಿರಿದು ಮಾಡಿ ನೋಡಿ: ದವಡೆಯ ಗೆರೆ ಸ್ಪಷ್ಟವಾಗಿ ಉಳಿದಿದ್ದರೆ ಅಳತೆ ಸರಿಯಿದೆ.

ಅಂಗಿಯನ್ನೂ ಮರೆಯಬಾರದು. ಪೂರ್ತಿ 255ರ ಬಿಳಿ ಹೊಳೆಯುವ ಕಾಗದದಂತೆ ಕಾಣುತ್ತದೆ; ಬೆಳಕು ಬಿದ್ದಲ್ಲಿ 235ರ ಆಸುಪಾಸು ಸಾಕು, ಗದ್ದದ ನೆರಳು ಬೀಳುವ ಕಡೆ ಇನ್ನೂ ಕಡಿಮೆ. ಕ್ಯಾಮೆರಾ ಮೇಲಿನ ಫ್ಲ್ಯಾಶ್ ನೇರ ಮುಖಕ್ಕೆ ಹೊಡೆದ ಚಿತ್ರವಾದರೆ ಗದ್ದದಡಿ ಮೊದಲೇ ಬೆಳಗಿರುತ್ತದೆ, ತಿದ್ದುವುದು ಹೆಚ್ಚಿರುವುದಿಲ್ಲ. ಹಳೆಯ ಅಂಗಿ ಕಪ್ಪಲ್ಲದೆ ಗಾಢ ಕೆಂಪಾಗಿದ್ದರೆ ಮಾತ್ರ ಇನ್ನೊಂದು ಕೆಲಸ ಬೀಳುತ್ತದೆ: ದವಡೆಯ ತಳದಲ್ಲಿ ಆ ಕೆಂಪು ಛಾಯೆ ಉಳಿದಿರುತ್ತದೆ, ಬಿಳಿಯ ಬೆಳಕು ತರುವ ಮೊದಲು ಅದನ್ನು ತೆಗೆಯಬೇಕು.