ಸಾಲು ಮುರಿಯದ ಕವಿತೆ

ಅಮೆರಿಕದ ಕವಿ ಕ್ಯಾರೊಲಿನ್ ಫೋರ್ಶೆ ಅವರ ‘ದಿ ಕರ್ನಲ್’ ನೋಡಲು ಕವಿತೆಯಂತಿಲ್ಲ. ಅಂಚಿನಿಂದ ಅಂಚಿಗೆ ತುಂಬಿದ ಒಂದೇ ಪ್ಯಾರಾ, ಕೆಳಗೆ 1978ರ ಮೇ ತಿಂಗಳ ನಮೂದು. ಆದರೂ ಅದು ಬಂದದ್ದು 1981ರ ಕವನ ಸಂಕಲನದಲ್ಲಿ.

ಸಂದರ್ಭ ಎಲ್ ಸಾಲ್ವಡಾರ್‌ನ ಸೇನಾಧಿಕಾರಿಯೊಬ್ಬನ ಮನೆಯ ಊಟ. ಹೆಂಡತಿ ಕಾಫಿ ತರುತ್ತಾಳೆ, ಮಗಳು ಉಗುರು ಉಜ್ಜುತ್ತಾಳೆ, ಟಿವಿಯಲ್ಲಿ ಪೊಲೀಸ್ ಧಾರಾವಾಹಿ ಓಡುತ್ತಿದೆ. ಪಕ್ಕದ ದಿಂಬಿನ ಮೇಲೆ ಪಿಸ್ತೂಲು. ಊಟ ಮುಗಿದ ಮೇಲೆ ಕರ್ನಲ್ ಒಂದು ಚೀಲ ತಂದು ಮೇಜಿನ ಮೇಲೆ ಸುರಿಯುತ್ತಾನೆ. ಅದರಲ್ಲಿರುವುದು ಮನುಷ್ಯರ ಕತ್ತರಿಸಿದ ಕಿವಿಗಳು.

ಇದನ್ನು ಸಾಲುಗಳಾಗಿ ಏಕೆ ಒಡೆಯಲಿಲ್ಲ? ‘ಹೊಸಿಲಲ್ಲಿ ಚಪ್ಪಲಿ, ಒಳಗೆ ಕೋವಿ’ ಎಂಬ ಮಾತನ್ನೇ ತೆಗೆದುಕೊಳ್ಳಿ. ‘ಒಳಗೆ’ ಎಂಬಲ್ಲಿ ಸಾಲು ನಿಲ್ಲಿಸಿ, ‘ಕೋವಿ’ಯನ್ನು ಕೆಳಗಿಳಿಸಿದರೆ ಓದುವವರ ಉಸಿರು ಅಲ್ಲೊಂದು ಕ್ಷಣ ತಡೆಯುತ್ತದೆ. ಇಲ್ಲಿ ನೋಡಿ ಎಂದು ಕವಿ ಬೆರಳು ತೋರಿಸಿದ ಹಾಗೆ. ಫೋರ್ಶೆ ಬೆರಳು ತೋರಿಸುವುದಿಲ್ಲ. ಉಗುರು, ಟಿವಿ, ಪಿಸ್ತೂಲು, ಕಿವಿ ಎಲ್ಲವೂ ಒಂದೇ ಸಮನಾದ ಚಿಕ್ಕ ವಾಕ್ಯಗಳಲ್ಲಿ ಬಂದುಹೋಗುತ್ತವೆ. ಆ ಮನೆಯಲ್ಲಿ ಊಟಕ್ಕೂ ಕೊಲೆಗೂ ನಡುವೆ ಗೋಡೆಯಿಲ್ಲ ಎಂಬುದೇ ಅವರ ವಾದ. ಆ ವಾದವನ್ನು ಅವರು ಬಾಯಿಬಿಟ್ಟು ಹೇಳಿಲ್ಲ. ಎಲ್ಲವನ್ನೂ ಬಿಡುವಿಲ್ಲದೆ ಒಂದೇ ಪ್ಯಾರಾದಲ್ಲಿ ತುಂಬಿದ್ದರಲ್ಲೇ ಅದಿದೆ.

ಹಾಗಿದ್ದರೆ ಇದು ಬರೀ ವರದಿಯಲ್ಲವೇ? ಅಲ್ಲ. ವರದಿಗಾರ ಕಿವಿಗಳನ್ನು ಮೊದಲ ವಾಕ್ಯಕ್ಕೇ ತರುತ್ತಿದ್ದ, ಉಗುರಿನ ವಿಷಯ ಪೂರ್ತಿ ಬಿಡುತ್ತಿದ್ದ. ಇಲ್ಲಿ ಸುದ್ದಿ ಕೊನೆಗೆ ಬರುತ್ತದೆ, ಮನೆವಾರ್ತೆ ಮುಂದೆ ನಿಲ್ಲುತ್ತದೆ. ಜೊತೆಗೆ, ಇಡೀ ಪ್ಯಾರಾದಲ್ಲಿ ಹೋಲಿಕೆಗಳು ತೀರಾ ವಿರಳ. ಕಿವಿಗಳನ್ನು ಒಣಹಣ್ಣಿನ ಹೋಳಿಗೆ ಹೋಲಿಸಿದ ತಕ್ಷಣ, ಬೇರೆ ರೀತಿ ಹೇಳಲು ಬಾರದು ಎಂದು ಕವಿಯೇ ಒಪ್ಪಿಕೊಳ್ಳುತ್ತಾರೆ. ಅಲಂಕಾರಕ್ಕಾಗಿ ಕ್ಷಮೆ ಕೇಳಿದಂತಿರುವ ಈ ಜಾಗದಲ್ಲೇ ವರದಿಯ ವೇಷ ಕಳಚುತ್ತದೆ ಎಂದು ನನಗನ್ನಿಸುತ್ತದೆ.

ಕನ್ನಡದವರಿಗೆ ಈ ಗಡಿಯ ಗೊಂದಲ ಹೊಸತೇನಲ್ಲ. ವಚನಗಳನ್ನು ಇಂದು ನಾವು ಸಾಲುಸಾಲಾಗಿ ಓದುತ್ತೇವೆ. ತಾಳೆಗರಿಯಲ್ಲಿ ಬರಹ ಒಂದೇ ಸಮನೆ ಹರಿಯುತ್ತಿತ್ತು, ಸಾಲು ಮುರಿದವರು ಅಚ್ಚಿನ ಕಾಲದ ಸಂಪಾದಕರು. ವಚನದ ಲಯ ಮಾತ್ರ ಅದಕ್ಕೂ ಮೊದಲೇ ವಾಕ್ಯದೊಳಗೆ ಇತ್ತು.

ಗದ್ಯಕವಿತೆಯ ಹೆಸರಿನಲ್ಲಿ ಜೊಳ್ಳೂ ಸಾಕಷ್ಟು ಬರುತ್ತದೆ. ಪತ್ತೆ ಮಾಡುವುದು ಕಷ್ಟವಲ್ಲ. ಪ್ಯಾರಾವನ್ನು ಸಾಲುಗಳಾಗಿ ಒಡೆದು ಬರೆದು ನೋಡಿ, ಆಮೇಲೆ ವಾಕ್ಯಗಳನ್ನು ಹಿಂದುಮುಂದು ಮಾಡಿ. ಏನೂ ಕೆಡದಿದ್ದರೆ ಅದಕ್ಕೆ ಪ್ಯಾರಾದ ಆಕಾರ ಬೇಕೇ ಇರಲಿಲ್ಲ. ‘ದಿ ಕರ್ನಲ್’ನಲ್ಲಿ ಚೀಲವನ್ನು ಕಾಫಿಗಿಂತ ಮೊದಲು ತಂದುಬಿಡಿ, ಕವಿತೆ ಅಲ್ಲಿಗೇ ಮುಗಿದುಹೋಗುತ್ತದೆ.