ಪುಸ್ತಕಕ್ಕೆ ಬಾರದ ಬಾಕಿ

ಮಾರ್ಚ್ 30ರ ಸಂಜೆ ಪೀಣ್ಯದ ಒಂದು ಕಾರ್ಖಾನೆಗೆ ಉಕ್ಕಿನ ಸರಳು ಹೊತ್ತ ಲಾರಿ ಬಂತು. ವಾಚ್‌ಮನ್ ಗೇಟ್ ರಿಜಿಸ್ಟರಿನಲ್ಲಿ ಲಾರಿ ನಂಬರು ಬರೆದುಕೊಂಡ. ಸ್ಟೋರ್ಸಿನವರು ತೂಕ ನೋಡಿ ಜಿಆರ್‌ಎನ್ ಹರಿದರು. ಸರಕು ಕೈಸೇರಿತು ಅನ್ನುವ ಚೀಟಿ ಅದು. ಮರುದಿನ ವರ್ಷಾಂತ್ಯದ ಸ್ಟಾಕ್ ಎಣಿಕೆಯಲ್ಲಿ ಆ ಸರಳುಗಳೂ ಸೇರಿದವು. ಬಿಲ್ಲು ಮಾತ್ರ ಸ್ಟೋರ್ಸಿನ ಟ್ರೇಯಲ್ಲೇ ಬಿದ್ದಿದ್ದು ಏಪ್ರಿಲ್ 6ಕ್ಕೆ ಅಕೌಂಟ್ಸಿಗೆ ಹೋಯಿತು. ಅಲ್ಲಿನ ಹುಡುಗ ಅದೇ ತಾರೀಖಿಗೆ ಟ್ಯಾಲಿಯಲ್ಲಿ ಎಂಟ್ರಿ ಹಾಕಿದ. ಜಿಎಸ್‌ಟಿ ಬಿಟ್ಟು ಬಿಲ್ಲಿನ ಮೊತ್ತ 7.40 ಲಕ್ಷ ರೂಪಾಯಿ.

ಇಲ್ಲಿ ಯಾರೂ ಕದ್ದಿಲ್ಲ, ಸುಳ್ಳು ಹೇಳಿಲ್ಲ. ಆದರೂ ಆ ವರ್ಷದ ಲಾಭ 7.40 ಲಕ್ಷ ಉಬ್ಬಿತು. ಸರಳು ಸ್ಟಾಕಿನಲ್ಲಿ ಆಸ್ತಿಯಾಗಿ ಕೂತಿದೆ, ಅದನ್ನು ಕೊಂಡ ಖರ್ಚು ಮುಂದಿನ ವರ್ಷಕ್ಕೆ ಜಾರಿದೆ. ಪುಸ್ತಕದ ಪ್ರಕಾರ ಅದು ಪುಕ್ಕಟೆ ಬಂದ ಮಾಲು. ಎಣಿಕೆಯಲ್ಲೂ ಸರಳು ಬಿಟ್ಟುಹೋಗಿದ್ದರೆ ಲಾಭ ಸರಿಯಾಗೇ ಇರುತ್ತಿತ್ತು. ಬ್ಯಾಲೆನ್ಸ್ ಶೀಟಿನ ಎರಡೂ ಬದಿಯಲ್ಲಿ ಅಷ್ಟಷ್ಟು ಕಮ್ಮಿಯಾಗುತ್ತಿತ್ತು, ಅಷ್ಟೆ. ಆದ್ದರಿಂದ ತಡವಾಗಿ ಬಂದ ಬಿಲ್ಲು ಕೈಗೆ ಸಿಕ್ಕಾಗ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಈ ಮಾಲನ್ನು 31ರಂದು ಎಣಿಸಿದ್ದೀರಾ?

ಕಾರ್ಖಾನೆಯ ಹೆಸರು ಬೇಡ. ಅಂಕಿಗಳನ್ನೂ ಒಂದಿಷ್ಟು ಬದಲಿಸಿದ್ದೇನೆ.

ಆಸ್ತಿಯ ಆಡಿಟ್ ಸುಲಭ ಅನ್ನುವುದಿಲ್ಲ, ಆದರೆ ಅದರ ದಾರಿ ನೇರ. ಪುಸ್ತಕದಲ್ಲಿ ಲೇತ್ ಮೆಷಿನ್ ಇದೆ ಅಂದರೆ ಶೆಡ್ಡಿಗೆ ಹೋಗಿ ನೋಡಬಹುದು. ಸಂಡ್ರಿ ಕ್ರೆಡಿಟರ್ಸ್, ಅಂದರೆ ಮಾಲು ಕೊಟ್ಟವರಿಗೆ ಉಳಿಸಿಕೊಂಡ ಬಾಕಿಯ ವಿಷಯದಲ್ಲಿ ಈ ದಾರಿ ಕೆಲಸಕ್ಕೆ ಬರುವುದಿಲ್ಲ. ಪಟ್ಟಿಯಲ್ಲಿರುವ ಪ್ರತಿ ಹೆಸರಿಗೂ ಬಿಲ್ಲು ನೋಡಿ ಟಿಕ್ ಹಾಕುತ್ತಾ ಹೋದರೆ ಎಲ್ಲವೂ ಸರಿ ಕಾಣುತ್ತದೆ. ಪಟ್ಟಿಗೆ ಬಾರದೆ ಉಳಿದವರು ಆ ಟಿಕ್ಕಿಗೆ ಸಿಗುವುದು ಹೇಗೆ? ಇಲ್ಲಿ ಪುಸ್ತಕದ ಹೊರಗೆ ನಿಂತು ಒಳಗೆ ಬರಬೇಕು. 2009ರ ಜನವರಿ 7ರಂದು ಸತ್ಯಂ ಕಂಪನಿಯ ರಾಮಲಿಂಗ ರಾಜು ಬರೆದ ತಪ್ಪೊಪ್ಪಿಗೆ ಪತ್ರದಲ್ಲಿ ಬ್ಯಾಂಕಿನಲ್ಲಿ ಇಲ್ಲದ ಹಣದ ಸಾಲು ಎಲ್ಲರಿಗೂ ನೆನಪಿದೆ. ಅದೇ ಪತ್ರದಲ್ಲಿ, ತಾನು ಹೊಂದಿಸಿದ ಹಣಕ್ಕೆ ಸಂಬಂಧಿಸಿದ 1,230 ಕೋಟಿ ರೂಪಾಯಿ ಹೊಣೆಯನ್ನು ಕಡಿಮೆ ತೋರಿಸಲಾಗಿದೆ ಎಂಬ ಸಾಲೂ ಇತ್ತು. ಅದನ್ನು ನೆನಪಿಟ್ಟವರು ಕಮ್ಮಿ.

ಹೊರಗೆ ನಿಲ್ಲುವುದಕ್ಕೆ ಒಳ್ಳೆಯ ಜಾಗ ಏಪ್ರಿಲ್. ಮಾರ್ಚಿನಲ್ಲಿ ಬಚ್ಚಿಟ್ಟ ಅಥವಾ ಮರೆತ ಬಾಕಿಯನ್ನು ಯಾವತ್ತಾದರೂ ತೀರಿಸಲೇಬೇಕಲ್ಲ. ಏಪ್ರಿಲ್ 1ರಿಂದ ನಾವು ಆಡಿಟ್‌ಗೆ ಕೂತ ಜೂನ್ ಮಧ್ಯದವರೆಗಿನ ಬ್ಯಾಂಕ್ ಸ್ಟೇಟ್‌ಮೆಂಟ್ ತರಿಸಿದೆ. ಕಂಪನಿಯ ಪಾವತಿ ಪಟ್ಟಿಯಲ್ಲ, ಬ್ಯಾಂಕಿನದೇ ಸ್ಟೇಟ್‌ಮೆಂಟ್. ಪಟ್ಟಿ ಮಾಡುವವರು ಒಂದು ಸಾಲು ಬಿಡಬಹುದು, ಬ್ಯಾಂಕು ಬಿಡುವುದಿಲ್ಲ. ಒಂದು ಲಕ್ಷಕ್ಕೆ ಮೇಲ್ಪಟ್ಟ ಪ್ರತಿ ಪಾವತಿಗೂ ಬಿಲ್ಲು, ಜಿಆರ್‌ಎನ್, ಗೇಟ್ ರಿಜಿಸ್ಟರ್ ಮೂರನ್ನೂ ಎದುರಿಗಿಟ್ಟುಕೊಂಡೆವು. ನೋಡಬೇಕಾದದ್ದು ಬಿಲ್ಲಿನ ತಾರೀಖನ್ನಲ್ಲ, ಮಾಲು ಬಂದ ಅಥವಾ ಕೆಲಸ ಆದ ತಾರೀಖನ್ನು. ಸರಳಿನ ಕಥೆ ಹೊರಬಂದದ್ದು ಹೀಗೆ.

ಅದರ ಹಿಂದೆಯೇ ಲೇಬರ್ ಕಾಂಟ್ರಾಕ್ಟರನ ಬಿಲ್ಲು ಸಿಕ್ಕಿತು. ತಾರೀಖು ಏಪ್ರಿಲ್ 5, ಮೊತ್ತ 3.10 ಲಕ್ಷ. ಜೊತೆಗಿದ್ದ ಹಾಜರಿ ಪಟ್ಟಿ ಪೂರ್ತಿ ಮಾರ್ಚಿನದು.

"ಸಾರ್, ಬಿಲ್ಲೇ ಬಂದಿರಲಿಲ್ಲ, ಎಂಟ್ರಿ ಹೇಗೆ ಹಾಕೋದು?" ಅಂದ ಅಕೌಂಟೆಂಟ್.

"ಆಳುಗಳು ಬಂದಿದ್ರಲ್ಲಪ್ಪ" ಅಂದೆ.

ಬಿಲ್ಲು ಬರುವ ಮೊದಲೇ ಅಂದಾಜು ಮಾಡಿ ಖರ್ಚು ಬರೆಯುವುದನ್ನೇ ಆಫೀಸುಗಳಲ್ಲಿ 'ಪ್ರೊವಿಷನ್ ಹಾಕೋದು' ಅನ್ನುತ್ತಾರೆ. ಸೆಕ್ಯುರಿಟಿ ಏಜೆನ್ಸಿಯ ಬಿಲ್ಲು ಇನ್ನೊಂದು ಬಗೆಯದು. ಮಾರ್ಚ್ 16ರಿಂದ ಏಪ್ರಿಲ್ 15ರವರೆಗೆ, 31 ದಿನಕ್ಕೆ 1,86,000 ರೂಪಾಯಿ. ದಿನಕ್ಕೆ 6,000 ಆಯಿತು. ಮಾರ್ಚಿನ ಪಾಲು 16 ದಿನ, 96,000. ಉಳಿದದ್ದು ಹೊಸ ವರ್ಷದ್ದು.

ಸಿಕ್ಕಿದ್ದೆಲ್ಲ ಹಳೇ ವರ್ಷದ್ದೇ ಅನ್ನುವ ಉಮೇದಿಗೂ ಬೀಳಬಾರದು. ಮೇ ತಿಂಗಳಲ್ಲಿ ಒಂದು ಮೆಷಿನ್ನಿಗೆ ದೊಡ್ಡ ಮೊತ್ತ ಹೋಗಿತ್ತು, ಆರ್ಡರ್ ಕೊಟ್ಟದ್ದು ಮಾರ್ಚಿನಲ್ಲಿ. ಜೊತೆಗಿದ್ದ ಆರ್ಟಿಕಲ್ಡ್ ಹುಡುಗಿ ಅದನ್ನೂ ಪಟ್ಟಿಗೆ ಸೇರಿಸಿದ್ದಳು. ಮೆಷಿನ್ ಬಂದದ್ದು ಏಪ್ರಿಲ್ 20ಕ್ಕೆ. ಆರ್ಡರ್ ಕೊಟ್ಟ ಮಾತ್ರಕ್ಕೆ ಬಾಕಿ ಹುಟ್ಟುವುದಿಲ್ಲ, ಅದನ್ನು ತೆಗೆಸಿದೆ.

ಪಾವತಿಯ ದಾರಿಗೂ ಒಂದು ಕೊರತೆ ಇದೆ. ಜೂನಿನ ತನಕ ಕೊಡದೇ ಇಟ್ಟ ಬಾಕಿ ಅದರಲ್ಲಿ ಕಾಣುವುದಿಲ್ಲ. ಜಾಣ ಮಾಲೀಕನಾದರೆ ಆಡಿಟರು ಎದ್ದುಹೋಗುವವರೆಗೂ ಚೆಕ್ ಬರೆಯುವುದಿಲ್ಲ. ಅದಕ್ಕೇ ನಾವು ವಿಚಾರಣೆ ಪತ್ರ ಕಳಿಸುವಾಗ ದೊಡ್ಡ ಬಾಕಿ ಇರುವವರನ್ನಷ್ಟೇ ಆರಿಸುವುದಿಲ್ಲ. ವರ್ಷವಿಡೀ ಹೆಚ್ಚು ಮಾಲು ಕೊಟ್ಟು, ಮಾರ್ಚ್ 31ಕ್ಕೆ ಬಾಕಿ ಸೊನ್ನೆ ಅಂತ ಕಾಣುವವರಿಗೂ ಬರೆಯುತ್ತೇವೆ.

ಜಿಎಸ್‌ಟಿ ಬಂದ ಮೇಲೆ ಇನ್ನೊಂದು ಕಿಟಕಿ ತೆರೆದಿದೆ. ಮಾಲು ಕೊಟ್ಟವರು ತಮ್ಮ ರಿಟರ್ನಿನಲ್ಲಿ ತೋರಿಸಿದ ಬಿಲ್ಲುಗಳು ಕೊಂಡವರ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಮುಂದಿನ ತಿಂಗಳ 14ಕ್ಕೆ ಬರುತ್ತವೆ. ಆ ಪಟ್ಟಿ ಬರೆಯುವುದು ಎದುರಿನವರು, ನಮ್ಮ ಅಕೌಂಟೆಂಟಲ್ಲ. ಮಾರ್ಚಿನ 2ಬಿಯನ್ನು ಖರೀದಿ ರಿಜಿಸ್ಟರಿನ ಪಕ್ಕ ಇಟ್ಟಾಗ ಕಟಿಂಗ್ ಟೂಲ್ಸ್ ಕೊಡುವವನ ಒಂದು ಬಿಲ್ಲು ಒಂಟಿಯಾಗಿ ನಿಂತಿತು. ತೆರಿಗೆ ಬಿಟ್ಟು 4.25 ಲಕ್ಷ. ಪುಸ್ತಕದಲ್ಲಿ ಅವನ ಬಾಕಿ ಸೊನ್ನೆ. ವಿಚಾರಿಸಿದರೆ ಬಿಲ್ಲು ಪರ್ಚೇಸ್ ಮ್ಯಾನೇಜರರ ಡ್ರಾಯರಿನಲ್ಲಿ ಭದ್ರವಾಗಿತ್ತು. ಪಿಒದಲ್ಲಿ ಬರೆದದ್ದಕ್ಕಿಂತ 35,000 ಜಾಸ್ತಿ ಹಾಕಿದ್ದಾನೆ ಅಂತ ಅವರಿಗೆ ಸಿಟ್ಟು. ಸಿಟ್ಟು ನ್ಯಾಯವಾದದ್ದೇ. ಆದರೆ ತಕರಾರು ಇರುವುದು 35,000ಕ್ಕೆ. ಉಳಿದ 3.90 ಲಕ್ಷದ ಟೂಲುಗಳು ಮಾರ್ಚಿನಲ್ಲೇ ಸವೆದು ಮುಗಿದಿದ್ದವು.

ಕರೆಂಟ್ ಬಿಲ್ಲಿನಲ್ಲಿ ನಾನೇ ಒಮ್ಮೆ ಮೋಸ ಹೋಗಿದ್ದೇನೆ. ಲೆಡ್ಜರಿನಲ್ಲಿ 12 ಎಂಟ್ರಿ ಇದೆಯಾ ಅಂತ ಎಣಿಸುವುದು ನಮ್ಮಲ್ಲಿ ರೂಢಿ. 12 ಇತ್ತು, ಮುಂದೆ ಹೋದೆ. ಆಮೇಲೆ ನೋಡಿದರೆ ಮೊದಲ ಎಂಟ್ರಿ ಹಿಂದಿನ ಮಾರ್ಚಿನದು, ಈ ಮಾರ್ಚಿನದು ಇಲ್ಲವೇ ಇಲ್ಲ. ಪ್ರತಿ ವರ್ಷ ಹೀಗೇ ಒಂದು ತಿಂಗಳು ಜಾರಿಸುತ್ತಾ ಬಂದರೆ ಲಾಭ ಹೆಚ್ಚೇನೂ ಕೆಡುವುದಿಲ್ಲ, ಆದರೆ ಬ್ಯಾಲೆನ್ಸ್ ಶೀಟಿನಲ್ಲಿ ಒಂದು ತಿಂಗಳ ಬಾಕಿ ಯಾವಾಗಲೂ ಮಾಯ. ಈಗ ಎಣಿಸುವುದಿಲ್ಲ, ಬಿಲ್ಲಿನ ಮೇಲಿನ ತಿಂಗಳು ಓದುತ್ತೇನೆ.

ಪೀಣ್ಯದ ಲೆಕ್ಕಕ್ಕೆ ಬಂದರೆ, ಸರಳು 7.40, ಲೇಬರ್ 3.10, ಸೆಕ್ಯುರಿಟಿ 0.96, ಟೂಲ್ಸ್ 3.90. ಒಟ್ಟು 15.36 ಲಕ್ಷ. ತೆರಿಗೆಗೆ ಮುಂಚಿನ ಲಾಭ 62 ಲಕ್ಷ ಅಂತ ತೋರಿಸಿದ್ದು 46.64 ಲಕ್ಷಕ್ಕೆ ಇಳಿಯಿತು. ಬ್ಯಾಂಕಿನಿಂದ ಹೆಚ್ಚಿನ ಓವರ್‌ಡ್ರಾಫ್ಟ್ ಕೇಳಲು ಹೊರಟಿದ್ದ ಮಾಲೀಕರಿಗೆ ಇದು ಹಿಡಿಸಲಿಲ್ಲ. "ಮುಂದಿನ ವರ್ಷ ಹೇಗೂ ಬರುತ್ತಲ್ಲ, ಬಿಡಿ ಸಾರ್" ಅಂತ ಎರಡು ಸಲ ಹೇಳಿ, ಮೂರನೇ ದಿನ ಎಂಟ್ರಿಗಳಿಗೆ ಒಪ್ಪಿದರು.

ಎಲ್ಲ ಸಿಕ್ಕಿತು ಅಂದುಕೊಂಡು ಜೂನ್ ಕೊನೆಗೆ ವರದಿಗೆ ಸಹಿ ಹಾಕಿದೆವು. ಆಗಸ್ಟಿನಲ್ಲಿ ಒಬ್ಬ ಟೆಂಪೋದವನು ಮಾರ್ಚಿನ ಟ್ರಿಪ್ಪುಗಳ ಚೀಟಿ ಹಿಡಿದು ಕಾರ್ಖಾನೆಗೆ ಬಂದನಂತೆ. ಅವನಿಗೆ ಜಿಎಸ್‌ಟಿ ನೋಂದಣಿ ಇಲ್ಲ, ಹಾಗಾಗಿ 2ಬಿಯಲ್ಲಿ ಇರಲಿಲ್ಲ. ಹಣ ಪಡೆದಿರಲಿಲ್ಲ, ಹಾಗಾಗಿ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲೂ ಇರಲಿಲ್ಲ. ಗೇಟ್ ರಿಜಿಸ್ಟರಿನಲ್ಲಿ ಮಾತ್ರ ಅವನ ಗಾಡಿ ನಂಬರು ಹನ್ನೊಂದು ಸಲ ಇತ್ತು. ಮೊತ್ತ 42,000. ಅದು ಮುಂದಿನ ವರ್ಷದ ಲೆಕ್ಕಕ್ಕೆ ಹೋಯಿತು.