ದೃಶ್ಯವಿವರಣೆಯಿಂದ ಧಾರಾವಾಹಿಯನ್ನು ಗುರುತಿಸುವುದು

ಹೆಸರು, ಕಥೆ, ನಟರು ಎಲ್ಲವೂ ಮರೆತುಹೋಗಿ, ಒಂದೇ ದೃಶ್ಯದ ಕೋಣೆ, ಬೆಳಕು ಮತ್ತು ಪೀಠೋಪಕರಣಗಳು ಮಾತ್ರ ನೆನಪಿನಲ್ಲಿ ಉಳಿದಿರುವಾಗ, ಅವುಗಳ ಆಧಾರದಿಂದಲೂ ಟಿವಿ ಧಾರಾವಾಹಿಯೊಂದನ್ನು ಗುರುತಿಸಬಹುದು. ಅಮೆರಿಕದ ಹಾಸ್ಯ ಧಾರಾವಾಹಿಗಳಲ್ಲಿ ಇದು ಹೆಚ್ಚು ಫಲಿಸುತ್ತದೆ. ಅವುಗಳಲ್ಲಿ ಒಂದೇ ಕೋಣೆ ವರ್ಷಗಟ್ಟಲೆ ತೆರೆಯ ಮೇಲೆ ಇರುತ್ತದೆ.

== ಬೆಳಕು ಮತ್ತು ಕೋಣೆಯ ರಚನೆ ==
ಬೆಳಕು ಧಾರಾವಾಹಿಯ ಹೆಸರನ್ನು ತಿಳಿಸುವುದಿಲ್ಲ. ಅದು ಯಾವ ಬಗೆಯದೆಂಬುದನ್ನು ತಿಳಿಸುತ್ತದೆ. 1951ರಲ್ಲಿ ಆರಂಭವಾದ 'ಐ ಲವ್ ಲೂಸಿ'ಯನ್ನು ಪ್ರೇಕ್ಷಕರ ಎದುರಿನಲ್ಲಿ ಮೂರು ಕ್ಯಾಮೆರಾಗಳಿಂದ ಏಕಕಾಲಕ್ಕೆ ಚಿತ್ರೀಕರಿಸಲಾಯಿತು. ಪ್ರತಿ ಕೋನಕ್ಕೂ ದೀಪಗಳನ್ನು ಬದಲಿಸಲು ಅವಕಾಶವಿಲ್ಲದ ಕಾರಣ, ಛಾಯಾಗ್ರಾಹಕ ಕಾರ್ಲ್ ಫ್ರಾಯಿಂಡ್ ಮೇಲಿನಿಂದ ಇಡೀ ಕೋಣೆಗೆ ಸಮನಾದ ಬೆಳಕನ್ನು ಒದಗಿಸಿದರು. (ನೆರಳುಗಳಿಗೆ ಹೆಸರಾದ ಜರ್ಮನ್ ಮೂಕಿಚಿತ್ರಗಳಲ್ಲಿ ಪಳಗಿದವರು ಇವರೇ ಎಂಬುದು ಗಮನಾರ್ಹ.) ಆದ್ದರಿಂದ ನೆರಳಿಲ್ಲದ ಬೆಳಕು, ಗೋಡೆಗೆ ತಾಗದೆ ನಡುವೆ ನಿಂತ ಸೋಫಾ, ಒಂದು ಬದಿಯಲ್ಲಿ ಯಾರೂ ಕೂರದ ಊಟದ ಮೇಜು ಇವು ಒಟ್ಟಿಗೆ ನೆನಪಾದರೆ, ಅದು ಪ್ರೇಕ್ಷಕರ ಮುಂದೆ ಚಿತ್ರೀಕರಿಸಿದ ಬಹುಕ್ಯಾಮೆರಾ ಹಾಸ್ಯ ಧಾರಾವಾಹಿಯಾಗಿರುವ ಸಂಭವವೇ ಹೆಚ್ಚು. ಇಂಥವು ನೂರಾರು ಇವೆ.

== ಒಂದು ಉದಾಹರಣೆ ==
ನೆನಪಿನಲ್ಲಿರುವುದು ಇಷ್ಟು ಎಂದಿಟ್ಟುಕೊಳ್ಳೋಣ: ಎತ್ತರದ ಕಟ್ಟಡದಲ್ಲಿ ಬೆಲೆಬಾಳುವ ಆಧುನಿಕ ಪೀಠೋಪಕರಣಗಳ ಮನೆ, ಪಿಯಾನೋ, ದೊಡ್ಡ ಕಿಟಕಿಯಾಚೆ ನಗರ, ಇವೆಲ್ಲದರ ನಡುವೆ ಟೇಪು ಅಂಟಿಸಿದ ಹಳೆಯ ಪಟ್ಟೆಪಟ್ಟೆಯ ಆರಾಮಕುರ್ಚಿ.

ಸೋಫಾ, ಪಿಯಾನೋಗಳಿಂದ ಉಪಯೋಗವಿಲ್ಲ. ಅವು ಎಲ್ಲೆಡೆಯೂ ಇವೆ. ಹುಡುಕಬೇಕಾದುದು ಆ ಕೋಣೆಗೆ ಹೊಂದದ ವಸ್ತುವನ್ನು. ಕಥೆಗೆ ಅಗತ್ಯವಿಲ್ಲದಿದ್ದರೆ ಅಂಥ ಕುರ್ಚಿಯನ್ನು ಕಲಾನಿರ್ದೇಶಕರು ಅಲ್ಲಿ ಇಡುತ್ತಿರಲಿಲ್ಲ. ಅಭಿರುಚಿಯ ಬಗ್ಗೆ ಬಿಗುಮಾನವಿರುವ ಒಬ್ಬರು ಮತ್ತು ಅದನ್ನು ಲೆಕ್ಕಿಸದ ಇನ್ನೊಬ್ಬರು ಒಂದೇ ಮನೆಯಲ್ಲಿದ್ದಾರೆ ಎಂಬುದನ್ನು ಅದು ಸೂಚಿಸುತ್ತದೆ. ಇದು 1993ರಿಂದ 2004ರವರೆಗೆ ಪ್ರಸಾರವಾದ 'ಫ್ರೇಸಿಯರ್'ನ ಕಥಾಹಂದರವೇ ಆಗಿದೆ. ಕುರ್ಚಿ ಮನೋವೈದ್ಯನಾದ ನಾಯಕನ ತಂದೆಯದು, ಆತ ನಿವೃತ್ತ ಪೊಲೀಸ್. ಕಿಟಕಿಯಾಚೆ ಸಿಯಾಟಲ್‌ನ ಸ್ಪೇಸ್ ನೀಡಲ್ ಗೋಪುರವೂ ನೆನಪಾದರೆ ಸಂಶಯ ಉಳಿಯುವುದಿಲ್ಲ.

== ತಪ್ಪುವ ಬಗೆ ==
'ತಂದೆಯ ಹಳೆಯ ಕುರ್ಚಿ' ಎಂದಷ್ಟೇ ಹೇಳಿದರೆ ಕೇಳಿದವರು 1971ರ 'ಆಲ್ ಇನ್ ದಿ ಫ್ಯಾಮಿಲಿ'ಯನ್ನು ಹೆಸರಿಸಬಹುದು. ಅದರ ನಾಯಕ ಆರ್ಚಿ ಬಂಕರ್‌ನ ಕುರ್ಚಿ ಸ್ಮಿತ್‌ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿದೆ. ಆದರೆ ಅಲ್ಲಿ ಇಡೀ ಕೋಣೆಯೇ ಕಂದು ಬಣ್ಣದ್ದು, ಹಳೆಯದು. ಕುರ್ಚಿ ಅದಕ್ಕೆ ಒಪ್ಪುತ್ತದೆ. ಹೀಗಾಗಿ ವಸ್ತುವಿಗಿಂತ ಅದಕ್ಕೂ ಕೋಣೆಗೂ ಇರುವ ಸಂಬಂಧವನ್ನು ವಿವರಿಸುವುದು ಒಳ್ಳೆಯದು.

ಬಣ್ಣವನ್ನು ಕೊನೆಯ ಆಧಾರವಾಗಿ ಮಾತ್ರ ಬಳಸಬೇಕು. ಕಪ್ಪು-ಬಿಳುಪು ಟಿವಿಯಲ್ಲಿ ನೋಡಿದವರು ಬಣ್ಣವನ್ನು ತಾವೇ ತುಂಬಿಕೊಂಡಿರುತ್ತಾರೆ. ಕೋಣೆಯೂ ಸ್ಥಿರವಲ್ಲ: 2023ರಲ್ಲಿ 'ಫ್ರೇಸಿಯರ್' ಮರಳಿದಾಗ ನಾಯಕ ಬಾಸ್ಟನ್‌ನ ಬೇರೊಂದು ಮನೆಯಲ್ಲಿದ್ದನು.